ಲಾಂಗ್-ಶಾರ್ಟ್ ರೇಶಿಯೋ 2 ದಾಟಿದರೆ ಶಾರ್ಟ್ ಹಾಕಬೇಕು ಅನ್ನೋದು ನಿಜವಾ?

ಕುಶಾಲನಗರ_ಕಾರ್ತಿಕ್

ಕ್ರಿಪ್ಟೋ ಫ್ಯೂಚರ್ಸ್ ಮಾಡುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಾನಿರುವ ಒಂದು ಟೆಲಿಗ್ರಾಂ ಗ್ರೂಪಿನಲ್ಲಿ ಒಂದೇ ಸೂತ್ರ. ಎಕ್ಸ್‌ಚೇಂಜಿನ ಲಾಂಗ್-ಶಾರ್ಟ್ ರೇಶಿಯೋ 2 ದಾಟಿದರೆ ಶಾರ್ಟ್ ಹಾಕಿ, 1ಕ್ಕಿಂತ ಕೆಳಗೆ ಬಂದರೆ ಲಾಂಗ್ ಹಾಕಿ ಅಂತಾರೆ. "ಜನ ಯಾವ ಕಡೆ ಇದ್ದಾರೋ ಅದರ ಉಲ್ಟಾ ಹೋಗಬೇಕು" ಅನ್ನೋದು ಅವರ ವಾದ.

ನಾನು ಸೋಲಾನಾ ಮೇಲೆ ಗಮನ ಇಟ್ಟಿದ್ದೇನೆ. ಅಲ್ಲಿ ರೇಶಿಯೋ 2ರ ಮೇಲೇ ಇರುತ್ತೆ. ಬೆಲೆ ಏರುವಾಗಲೂ ಅಷ್ಟೇ, ಇಳಿಯುವಾಗಲೂ ಅಷ್ಟೇ. ಸೂತ್ರದ ಪ್ರಕಾರ ಹೋದರೆ ಯಾವಾಗಲೂ ಶಾರ್ಟಲ್ಲೇ ಕೂತಿರಬೇಕು. ಹಾಗೆ ಕೂತವರ ಸ್ಟಾಪ್ ಲಾಸ್ ಒಂದರ ಹಿಂದೆ ಒಂದು ಹೊಡೆಯೋದನ್ನ ಗ್ರೂಪಿನಲ್ಲೇ ನೋಡುತ್ತಿದ್ದೇನೆ. ಹಾಗಾದರೆ ಈ ಸಂಖ್ಯೆಗೆ ಅರ್ಥ ಇದೆಯಾ, ಇಲ್ವಾ?

ಸಿದ್ದಾಪುರ_ರಫಿ

ಅರ್ಥ ಇದೆ ಬ್ರೋ. ರೇಶಿಯೋ 2 ಅಂದರೆ ಸಣ್ಣ ಜನ ಎಲ್ಲ ಲಾಂಗ್, ದೊಡ್ಡ ತಿಮಿಂಗಿಲಗಳು ಶಾರ್ಟ್. ತಿಮಿಂಗಿಲ ಯಾವತ್ತೂ ಸಣ್ಣವರ ಸ್ಟಾಪ್ ಬೇಟೆ ಆಡುತ್ತೆ. ತಿಮಿಂಗಿಲದ ಜೊತೆ ಹೋಗಬೇಕು, ಅಷ್ಟೇ.

ಸೋಮವಾರಪೇಟೆ_ಪ್ರದೀಪ್

ಇದು ಎನ್‌ಎಸ್‌ಇ ಪ್ರತಿದಿನ ಸಂಜೆ ಹಾಕುವ ಎಫ್‌ಐಐ ಲಾಂಗ್-ಶಾರ್ಟ್ ಅಲ್ವಾ? ನಿಫ್ಟಿಯಲ್ಲಿ ನಾನು ಅದನ್ನ ನೋಡ್ತೀನಿ. ಎಫ್‌ಐಐಗಳ ಲಾಂಗ್ ತೀರಾ ಕಡಿಮೆ ಆದಾಗ ಮಾರ್ಕೆಟ್ ಒಂದು ಜಿಗಿತ ಕೊಡುತ್ತೆ.

ಮಡಿಕೇರಿ_ಅನಿತಾ

ಪ್ರದೀಪ್, ಅದು ಬೇರೆ. ಎನ್‌ಎಸ್‌ಇ ಲೆಕ್ಕದಲ್ಲಿ ಕ್ಲೈಂಟ್, ಡಿಐಐ, ಎಫ್‌ಐಐ, ಪ್ರೊ ಅಂತ ನಾಲ್ಕು ಗುಂಪು. ಪ್ರತಿ ಗುಂಪಿನ ಕೈಯಲ್ಲಿ ಎಷ್ಟು ಕಾಂಟ್ರಾಕ್ಟ್ ಇದೆ ಅಂತ ಎಣಿಸ್ತಾರೆ. ಕಾರ್ತಿಕ್ ಕೇಳ್ತಿರೋದು ಕ್ರಿಪ್ಟೋ ಎಕ್ಸ್‌ಚೇಂಜಿನದ್ದು. ಅಲ್ಲಿ ಎಣಿಸೋದು ಖಾತೆಗಳನ್ನ.

ಗೋಣಿಕೊಪ್ಪ_ಶೈಲಾ

ಅನಿತಾ ಹೇಳಿದ್ದೇ ಇಲ್ಲಿ ಮುಖ್ಯ. ಅಲ್ಲಿಂದಲೇ ಶುರು ಮಾಡೋಣ.

ಫ್ಯೂಚರ್ಸಿನಲ್ಲಿ ಒಂದು ಲಾಂಗ್ ಇರಬೇಕಾದರೆ ಎದುರಿಗೆ ಅಷ್ಟೇ ದೊಡ್ಡ ಶಾರ್ಟ್ ಇರಲೇಬೇಕು. ಒಟ್ಟು ಲಾಂಗ್, ಒಟ್ಟು ಶಾರ್ಟ್ ಯಾವಾಗಲೂ ಸಮ. ಹಾಗಾಗಿ "ಲಾಂಗ್ ಜಾಸ್ತಿ ಇದೆ" ಅಂದರೆ ದುಡ್ಡು ಜಾಸ್ತಿ ಲಾಂಗ್ ಕಡೆ ಇದೆ ಅಂತಲ್ಲ. ತಲೆಗಳು ಜಾಸ್ತಿ ಆ ಕಡೆ ಇವೆ ಅಂತ. ಐವತ್ತು ಡಾಲರ್ ಹಾಕಿದವನೂ ಒಂದು ಖಾತೆ, ಐದು ಲಕ್ಷ ಡಾಲರ್ ಹಾಕಿದವನೂ ಒಂದು ಖಾತೆ.

ಒಂದು ಲೆಕ್ಕ ಮಾಡಿ ನೋಡಿ. ಸಾವಿರ ಖಾತೆ ಇದೆ ಅಂದುಕೊಳ್ಳಿ. ಒಟ್ಟು 1,000 ಬಿಟ್‌ಕಾಯಿನ್ ಲಾಂಗ್, 1,000 ಶಾರ್ಟ್. 800 ಖಾತೆ ಲಾಂಗ್, 200 ಖಾತೆ ಶಾರ್ಟ್ ಆದರೆ ರೇಶಿಯೋ 4. ಸರಾಸರಿ ಲಾಂಗ್ ಖಾತೆಯಲ್ಲಿ 1.25 ಬಿಟ್‌ಕಾಯಿನ್, ಸರಾಸರಿ ಶಾರ್ಟ್ ಖಾತೆಯಲ್ಲಿ 5. ಅಂದರೆ ಶಾರ್ಟ್‌ನವನು ಸರಾಸರಿ 4 ಪಟ್ಟು ದೊಡ್ಡವನು. ರೇಶಿಯೋ 4, ಗಾತ್ರದ ವ್ಯತ್ಯಾಸವೂ 4. ಇದು ಕಾಕತಾಳೀಯ ಅಲ್ಲ, ಯಾವಾಗಲೂ ಹೀಗೇ ಬರುತ್ತೆ. ಈ ಸಂಖ್ಯೆ ನೇರವಾಗಿ ಹೇಳೋದು ಅಷ್ಟೇ: ಒಂದು ಕಡೆ ಸಣ್ಣವರು ತುಂಬಾ ಜನ, ಇನ್ನೊಂದು ಕಡೆ ದೊಡ್ಡವರು ಕೆಲವರು.

ಸಿದ್ದಾಪುರ_ರಫಿ

ಅಕ್ಕ, ನಾನು ಹೇಳಿದ್ದೂ ಅದೇ ಅಲ್ವಾ! ದೊಡ್ಡವರು ಶಾರ್ಟ್.

ಗೋಣಿಕೊಪ್ಪ_ಶೈಲಾ

ಅರ್ಧ ಸರಿ ರಫಿ. ದೊಡ್ಡವರು ಶಾರ್ಟ್ ಇದ್ದಾರೆ, ನಿಜ. ಆದರೆ ಬೆಲೆ ಬೀಳುತ್ತೆ ಅಂತ ನಂಬಿ ಶಾರ್ಟ್ ಇದ್ದಾರೆ ಅನ್ನೋದು ನೀವು ಸೇರಿಸಿದ್ದು.

ಆ 200 ಶಾರ್ಟ್ ಖಾತೆಗಳಲ್ಲಿ ಯಾರಿರ್ತಾರೆ? ಸ್ಪಾಟ್‌ನಲ್ಲಿ ನಾಣ್ಯ ಕೊಂಡು, ಮುಕ್ತಾಯದ ದಿನವೇ ಇಲ್ಲದ ಪರ್ಪೆಚುಯಲ್ ಫ್ಯೂಚರ್ಸಿನಲ್ಲಿ ಅಷ್ಟೇ ಶಾರ್ಟ್ ಹಾಕಿ, ಲಾಂಗ್‌ನವರು ಕೊಡುವ ಫಂಡಿಂಗ್ ದುಡ್ಡು ಮಾತ್ರ ಎಣಿಸಿಕೊಳ್ಳುವ ಸಂಸ್ಥೆಗಳು ಇರ್ತವೆ. ಮಾರ್ಕೆಟ್ ಮೇಕರ್‌ಗಳಿರ್ತಾರೆ. ಬೆಲೆ ಏರಿದರೂ ಅವರಿಗೆ ನಷ್ಟ ಇಲ್ಲ, ಇಳಿದರೂ ಲಾಭ ಇಲ್ಲ. ಅವರಿಗೆ ಅಭಿಪ್ರಾಯವೇ ಇಲ್ಲ. ಜನ ಲಾಂಗ್ ಕೇಳ್ತಾರೆ, ಇವರು ಎದುರಿಗೆ ನಿಂತು ಫಂಡಿಂಗ್ ವಸೂಲಿ ಮಾಡ್ತಾರೆ. ಅವರ ಶಾರ್ಟ್ ನೋಡಿ ನೀವೂ ಶಾರ್ಟ್ ಹಾಕಿದರೆ, ಅವರ ಹತ್ತಿರ ಸ್ಪಾಟ್ ಇದೆ, ನಿಮ್ಮ ಹತ್ತಿರ ಇಲ್ಲ.

ಆದ್ದರಿಂದಲೇ ಸಾಧಾರಣ ದಿನಗಳಲ್ಲಿ ರೇಶಿಯೋ 1.8 ಇರಲಿ, 2.3 ಇರಲಿ, ಬೆಲೆ ಎತ್ತ ಹೋಗುತ್ತೆ ಅಂತ ಹೇಳಲ್ಲ.

ನಾಪೋಕ್ಲು_ದೇವಯ್ಯ

ನನಗೆ ಕ್ರಿಪ್ಟೋ ಗೊತ್ತಿಲ್ಲ. ತೋಟ ಮಾತ್ರ ಗೊತ್ತು. ಆದರೆ ಇದೇ ತರಹದ್ದು ಕಾಫಿಗೂ ಇದೆ ಅಂತ ಕೇಳಿದ್ದೇನೆ. ಲಂಡನ್ ರೊಬಸ್ಟಾದಲ್ಲಿ ಫಂಡ್‌ಗಳು ಎಷ್ಟು ಲಾಂಗ್ ಇದ್ದಾರೆ ಅಂತ ವಾರಕ್ಕೊಮ್ಮೆ ಬರುತ್ತಂತೆ. ಅದನ್ನ ನೋಡಿ ಚೆರ್ರಿ ಯಾವಾಗ ಮಾರಬೇಕು ಅಂತ ತಿಳಿಯುತ್ತಾ? 2025ರ ಫೆಬ್ರವರಿಯಲ್ಲಿ ಟನ್ನಿಗೆ 5,500 ಡಾಲರ್ ದಾಟಿದಾಗ ಇನ್ನೂ ಏರುತ್ತೆ ಅಂತ ಕೂಡಿಟ್ಟವರು ನಮ್ಮ ಕಡೆ ಬಹಳ ಜನ.

ಗೋಣಿಕೊಪ್ಪ_ಶೈಲಾ

ದೇವಯ್ಯಣ್ಣ, ಅದಕ್ಕೆ ಕಮಿಟ್‌ಮೆಂಟ್ಸ್ ಆಫ್ ಟ್ರೇಡರ್ಸ್ ವರದಿ ಅಂತಾರೆ. ಮಂಗಳವಾರದ ಸ್ಥಿತಿ ಶುಕ್ರವಾರ ಹೊರಬರುತ್ತೆ. ನ್ಯೂಯಾರ್ಕ್ ಅರೇಬಿಕಾಗೂ ಇದೆ, ಲಂಡನ್ ರೊಬಸ್ಟಾಗೂ ಇದೆ.

ಅಲ್ಲೂ ಇದೇ ಕಥೆ. ನಿಮ್ಮ ಹತ್ತಿರ ಚೆರ್ರಿ ಕೊಂಡ ರಫ್ತುದಾರ ಲಂಡನ್ನಿನಲ್ಲಿ ಫ್ಯೂಚರ್ಸ್ ಮಾರಿಟ್ಟುಕೊಳ್ತಾನೆ. ಕಾಫಿ ಬೆಲೆ ಬೀಳುತ್ತೆ ಅಂತಲ್ಲ, ಗೋದಾಮಿನಲ್ಲಿರುವ ಮಾಲಿಗೆ ರಕ್ಷಣೆ ಬೇಕು ಅಂತ. ಅವನ ಶಾರ್ಟ್ ನೋಡಿ "ವ್ಯಾಪಾರಿಗಳೇ ಶಾರ್ಟ್ ಇದ್ದಾರೆ, ಬೆಲೆ ಕುಸಿಯುತ್ತೆ" ಅಂದರೆ ತಪ್ಪು. ಸ್ಪಾಟ್ ಇಟ್ಟುಕೊಂಡು ಪರ್ಪ್ ಶಾರ್ಟ್ ಮಾಡುವವನೂ ಈ ರಫ್ತುದಾರನೂ ಒಂದೇ ಜಾತಿ.

ಕಾಫಿಯಲ್ಲೂ ಫಂಡ್‌ಗಳ ಲಾಂಗ್ ಹಲವು ವರ್ಷಗಳ ತುದಿಗೆ ಹೋದಾಗ ಮಾತ್ರ ಎಚ್ಚರಿಕೆ. ಆದರೂ ಮಾರುವ ದಿನ ಅದು ಹೇಳಲ್ಲ.

ನಾಪೋಕ್ಲು_ದೇವಯ್ಯ

ಸರಿಮ್ಮ. ಅರ್ಥ ಆಯಿತು. ಸ್ವಲ್ಪ ಸ್ವಲ್ಪವಾಗಿ ಮಾರೋದೇ ಮೇಲು ಅನ್ನಿಸುತ್ತೆ.

ವಿರಾಜಪೇಟೆ_ಚೇತನ್

ನನ್ನದು ತುರ್ತು ಪ್ರಶ್ನೆ. ಒಂದು ಸಣ್ಣ ನಾಣ್ಯದಲ್ಲಿ 25 ಪಟ್ಟು ಲಿವರೇಜಿನಲ್ಲಿ ಲಾಂಗ್ ಇದ್ದೇನೆ. ಈಗ ನೋಡಿದರೆ 78% ಖಾತೆ ಲಾಂಗ್ ತೋರಿಸ್ತಿದೆ. ಅಂದರೆ ರೇಶಿಯೋ 3.5ರ ಮೇಲೆ. ಈಗಲೇ ಹೊರಬರಬೇಕಾ?

ಕುಶಾಲನಗರ_ಕಾರ್ತಿಕ್

ನನ್ನ ಪ್ರಶ್ನೆಯೂ ಅದೇ ಚೇತನ್. 2 ತುದಿ ಅಲ್ಲ ಅಂದರೆ 3.5 ತುದಿನಾ? 5 ತುದಿನಾ? ಯಾರು ಹೇಳ್ಬೇಕು?

ಮಡಿಕೇರಿ_ಅನಿತಾ

ಒಂದೇ ಸಂಖ್ಯೆ ಎಲ್ಲಾ ನಾಣ್ಯಕ್ಕೂ ಆಗಲ್ಲ. ಸಣ್ಣ ಟ್ರೇಡರ್‌ಗಳಿಗೆ ಲಾಂಗ್ ಹೋಗೋದೇ ಅಭ್ಯಾಸ. ಹಾಗಾಗಿ 1 ಅನ್ನೋದು ಸಮತೂಕ ಅಲ್ಲವೇ ಅಲ್ಲ. ಪ್ರತಿ ನಾಣ್ಯಕ್ಕೂ ಅದರದ್ದೇ ಮಾಮೂಲಿ ಮಟ್ಟ ಇರುತ್ತೆ. ಬಿಟ್‌ಕಾಯಿನ್‌ಗಿಂತ ಸಣ್ಣ ನಾಣ್ಯಗಳಲ್ಲಿ ಅದು ಸಾಮಾನ್ಯವಾಗಿ ಮೇಲೆ.

ಬೈನಾನ್ಸಿನ ಡೇಟಾ ಯಾರು ಬೇಕಾದರೂ ತೆಗೆಯಬಹುದು. ಲಾಗಿನ್ ಬೇಡ:

```
https://fapi.binance.com/futures/data/globalLongShortAccountRatio?symbol=SOLUSDT&period=4h&limit=180
```

ನಾಲ್ಕು ಗಂಟೆಗೊಂದು ಸಾಲು, ದಿನಕ್ಕೆ ಆರು, 180 ಸಾಲು ಅಂದರೆ 30 ದಿನ. ಅದಕ್ಕಿಂತ ಹಿಂದಿನದನ್ನ ಅವರು ಕೊಡಲ್ಲ. ಬೇಕಾದವರು ಈಗಿಂದಲೇ ಉಳಿಸಿಟ್ಟುಕೊಳ್ಳಬೇಕು. ಬಂದದ್ದನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಇವತ್ತಿನ ಸಂಖ್ಯೆ ಮೇಲಿನ 5% ಒಳಗೆ ಇದೆಯಾ ನೋಡಿ. ಇಲ್ಲ ಅಂದರೆ ಆ ಸಂಖ್ಯೆಯನ್ನ ಮರೆತುಬಿಡಿ.

ಇನ್ನೊಂದು. `longShortRatio` ಬಿಟ್ಟು `longAccount` ನೋಡಿ. ರೇಶಿಯೋ ಮೇಲೆ ಹೋದಂತೆ ಜೋರಾಗಿ ಹಿಗ್ಗುತ್ತೆ. ಲಾಂಗ್ 50%ರಿಂದ 55%ಗೆ ಹೋದರೆ ರೇಶಿಯೋ 1ರಿಂದ 1.22 ಆಗುತ್ತೆ. ಅದೇ ಐದು ಅಂಶ 75%ರಿಂದ 80%ಗೆ ಹೋದರೆ 3ರಿಂದ 4. ಚಾರ್ಟಿನಲ್ಲಿ ಎರಡನೆಯದು ಬೆಟ್ಟದ ತರಹ ಕಾಣುತ್ತೆ. ಬದಲಾದ ಖಾತೆಗಳ ಸಂಖ್ಯೆ ಒಂದೇ.

ವಿರಾಜಪೇಟೆ_ಚೇತನ್

ತೆಗೆದು ನೋಡಿದೆ. ಈ ನಾಣ್ಯದಲ್ಲಿ ತಿಂಗಳಿಡೀ 71ರಿಂದ 80% ಮಧ್ಯೆ ಓಡಾಡಿದೆ.

ಮಡಿಕೇರಿ_ಅನಿತಾ

ಹಾಗಾದರೆ 78 ಸ್ವಲ್ಪ ಮೇಲೆ ಇದೆ, ಅಷ್ಟೇ. ಫಂಡಿಂಗ್ ಎಷ್ಟು ತೋರಿಸ್ತಿದೆ? ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದ ಒಟ್ಟು ಕಾಂಟ್ರಾಕ್ಟ್, ಏರಿದೆಯಾ?

ವಿರಾಜಪೇಟೆ_ಚೇತನ್

ಫಂಡಿಂಗ್ 0.01%. ಓಪನ್ ಇಂಟರೆಸ್ಟ್ ಒಂದು ವಾರದಿಂದ ಹೆಚ್ಚುಕಮ್ಮಿ ಅಷ್ಟೇ ಇದೆ.

ಗೋಣಿಕೊಪ್ಪ_ಶೈಲಾ

ಚೇತನ್, ಹಾಗಾದರೆ ರೇಶಿಯೋ ನಿಮಗೆ ಏನೂ ಹೇಳ್ತಿಲ್ಲ. 0.01% ಅಂದರೆ ಫಂಡಿಂಗಿನ ಮಾಮೂಲಿ ದರ. ಹೊಸಬರು ನುಗ್ಗಿದ ಲಕ್ಷಣ ಇಲ್ಲ.

ನಿಮ್ಮ ಅಪಾಯ ಬೇರೆ ಕಡೆ ಇದೆ. 25 ಪಟ್ಟು ಲಿವರೇಜಿನಲ್ಲಿ ಬೆಲೆ 4% ಕೆಳಗೆ ಬರುವ ಮೊದಲೇ ನಿಮ್ಮ ಪೊಸಿಶನ್ ಲಿಕ್ವಿಡೇಟ್ ಆಗುತ್ತೆ. ಸಣ್ಣ ನಾಣ್ಯದಲ್ಲಿ 4% ಯಾವ ಸುದ್ದಿಯೂ ಇಲ್ಲದೆ ಆಗುವ ಏರಿಳಿತ. ಮೊದಲು ಲಿವರೇಜ್ ಇಳಿಸಿ. ಸ್ಟಾಪ್ ಲಾಸನ್ನ ಎಕ್ಸ್‌ಚೇಂಜಿನಲ್ಲೇ ಹಾಕಿಡಿ, ಫೋನ್ ನೋಡಿಕೊಂಡು ಕೈಯಲ್ಲಿ ಮುಚ್ತೀನಿ ಅಂತ ನಂಬಬೇಡಿ.

ಸೋಮವಾರಪೇಟೆ_ಪ್ರದೀಪ್

ಮಳೆಗಾಲದಲ್ಲಂತೂ ಹೌದು. ನಮ್ಮ ಕಡೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಎರಡು ದಿನ ಬರದಿದ್ದರೂ ಆಶ್ಚರ್ಯ ಇಲ್ಲ.

ಕುಶಾಲನಗರ_ಕಾರ್ತಿಕ್

ಶೈಲಾ ಅಕ್ಕ, ಮಧ್ಯದಲ್ಲಿ ಇದು ಬರೀ ಗದ್ದಲ ಅನ್ನೋದು ಈಗ ತಿಳಿಯಿತು. ಆದರೆ ತುದಿಯಲ್ಲಿ ಮಾತ್ರ ಯಾಕೆ ಕೆಲಸ ಮಾಡಬೇಕು? ಹೆಡ್ಜ್ ಮಾಡುವವರು ಅಲ್ಲೂ ಇರ್ತಾರಲ್ಲ?

ಗೋಣಿಕೊಪ್ಪ_ಶೈಲಾ

ಒಳ್ಳೆ ಪ್ರಶ್ನೆ. ತುದಿಯಲ್ಲಿ ದೊಡ್ಡವರಿಗೆ ಹೊಸ ಬುದ್ಧಿ ಬರಲ್ಲ. ಬದಲಾಗೋದು ಸಣ್ಣವರ ಪರಿಸ್ಥಿತಿ. ಮಧ್ಯದಲ್ಲಿದ್ದಾಗ ಅವರಿಗೆ ಆಯ್ಕೆ ಇರುತ್ತೆ. ತುದಿಯಲ್ಲಿ ಆಯ್ಕೆ ಎಕ್ಸ್‌ಚೇಂಜಿನ ಕೈಗೆ ಹೋಗುತ್ತೆ.

ಒಂದು ನಾಣ್ಯದ ಬೆಲೆ 100 ಅಂದುಕೊಳ್ಳಿ. ಏರತೊಡಗುತ್ತೆ. 100ರಲ್ಲಿ ಒಂದಷ್ಟು ಜನ, 102ರಲ್ಲಿ ಇನ್ನಷ್ಟು, 104ರಲ್ಲಿ ಎಲ್ಲರಿಗಿಂತ ಜಾಸ್ತಿ ಜನ 20 ಪಟ್ಟು ಲಿವರೇಜಿನಲ್ಲಿ ಲಾಂಗ್ ಆದರು. 20 ಪಟ್ಟು ಅಂದರೆ ಕೊಂಡ ಬೆಲೆಗಿಂತ ಸುಮಾರು 4.5% ಕೆಳಗೆ ಲಿಕ್ವಿಡೇಶನ್. 104ರವರಿಗೆ ಅದು 99.3. 102ರವರಿಗೆ 97.4. 100ರವರಿಗೆ 95.5.

ಈಗ ಯಾವುದೋ ಸಣ್ಣ ಕಾರಣಕ್ಕೆ ಬೆಲೆ 99.3ಕ್ಕೆ ಇಳಿಯಿತು. 104ರವರ ಪೊಸಿಶನ್ ಮುಚ್ಚಬೇಕು. ಲಾಂಗ್ ಮುಚ್ಚೋದು ಅಂದರೆ ಮಾರೋದು. ಅವರು ಯೋಚಿಸಿ ಮಾರುತ್ತಿಲ್ಲ, ಎಕ್ಸ್‌ಚೇಂಜಿನ ಇಂಜಿನ್ ಸಿಕ್ಕ ಬೆಲೆಗೆ ಮಾರುತ್ತೆ. ಆ ಮಾರಾಟ ಬೆಲೆಯನ್ನ 97.4ರ ಕಡೆ ತಳ್ಳುತ್ತೆ. ಅಲ್ಲಿ 102ರವರು ಕಾಯ್ತಿದ್ದಾರೆ. ಅವರದ್ದು ಮಾರಾಟ ಆದರೆ 95.5. ಕೊಳ್ಳುವವರು ಯಾರು? ಕೊಳ್ಳಬೇಕು ಅಂತಿದ್ದವರೆಲ್ಲ ಆಗಲೇ ಲಾಂಗ್ ಆಗಿ ಕೂತಿದ್ದಾರೆ. ಅವರ ಕೈಯಲ್ಲಿ ಮಾರ್ಜಿನ್ ಉಳಿದಿಲ್ಲ.

ರೇಶಿಯೋ ಮಾಮೂಲಿ ಮಟ್ಟದಲ್ಲಿ ಇದ್ದಿದ್ದರೆ? ಲಾಂಗ್ ಜನ ಬೇರೆ ಬೇರೆ ಬೆಲೆಯಲ್ಲಿ, ಬೇರೆ ಬೇರೆ ಲಿವರೇಜಿನಲ್ಲಿ ಹರಡಿರ್ತಾರೆ. ಹೊರಗೆ ಕೂತು "ಇಳಿದರೆ ಕೊಳ್ಳೋಣ" ಅಂತ ಕಾಯುವವರೂ ಇರ್ತಾರೆ. ಒಬ್ಬರ ಲಿಕ್ವಿಡೇಶನ್ ಇನ್ನೊಬ್ಬರವರೆಗೆ ಮುಟ್ಟಲ್ಲ. ಸರಪಳಿ ಹುಟ್ಟಲ್ಲ. ಅದಕ್ಕೇ ಮಧ್ಯದಲ್ಲಿ ಉಲ್ಟಾ ಹೋಗೋದರಲ್ಲಿ ಲಾಭ ಇಲ್ಲ.

ಸಿದ್ದಾಪುರ_ರಫಿ

ಅಂದರೆ ತಿಮಿಂಗಿಲ ಬೇಟೆ ಆಡೋದು ಅಂತ ಏನೂ ಇಲ್ಲ ಅಂತೀರಾ? ಲಿಕ್ವಿಡೇಶನ್ ಎಲ್ಲಿದೆ ಅಂತ ಗೊತ್ತಿದ್ದವನು ಒಂದು ತಳ್ಳು ಕೊಟ್ಟರೆ ಸಾಕಲ್ವಾ?

ಗೋಣಿಕೊಪ್ಪ_ಶೈಲಾ

ಕೊಡಬಹುದು. ಇಲ್ಲ ಅನ್ನಲ್ಲ. ಆದರೆ ಸರಪಳಿ ಓಡೋಕೆ ಅದು ಬೇಕೇ ಬೇಕು ಅಂತಿಲ್ಲ. ಒಂದು ಸುದ್ದಿ ಸಾಕು.

2025ರ ಅಕ್ಟೋಬರ್ 10 ನೆನಪಿದೆಯಾ? ಚೀನಾ ಮಾಲಿನ ಮೇಲೆ ಇನ್ನೂ 100% ಸುಂಕ ಹಾಕ್ತೀನಿ ಅಂತ ಟ್ರಂಪ್ ಘೋಷಿಸಿದ ದಿನ. ನಮ್ಮಲ್ಲಿ ಆಗ 11ರ ಬೆಳಗಿನ ಜಾವ. 24 ಗಂಟೆಯಲ್ಲಿ 19 ಬಿಲಿಯನ್ ಡಾಲರಿಗೂ ಜಾಸ್ತಿ ಪೊಸಿಶನ್ ಲಿಕ್ವಿಡೇಟ್ ಆಯಿತು. ಬಹುಪಾಲು ಲಾಂಗ್‌ಗಳೇ. ಸುಂಕದ ಸುದ್ದಿ ಕಿಡಿ ಅಷ್ಟೇ. ಲಿವರೇಜ್ ಹಾಕಿದ ಲಾಂಗ್‌ಗಳು ಅಷ್ಟು ಇರದಿದ್ದರೆ ಅದೇ ಸುದ್ದಿಗೆ ಬೆಲೆ ಇಳಿಯುತ್ತಿತ್ತು, ಆದರೆ ಹಾಗೆ ಕುಸಿಯುತ್ತಿರಲಿಲ್ಲ. 2021ರ ಮೇ 19ರಲ್ಲೂ ಅಷ್ಟೇ. ಬಿಟ್‌ಕಾಯಿನ್ ಒಂದೇ ದಿನದಲ್ಲಿ ಸುಮಾರು 43,000 ಡಾಲರಿನಿಂದ 30,000ದವರೆಗೆ ಬಂತು.

ಅಕ್ಟೋಬರಿನಲ್ಲಿ ಇನ್ನೊಂದು ನಡೆಯಿತು, ಶಾರ್ಟ್ ಹಾಕುವವರು ತಿಳಿದಿರಬೇಕು. ಹಲವು ಎಕ್ಸ್‌ಚೇಂಜ್‌ಗಳಲ್ಲಿ ಲಾಭದಲ್ಲಿದ್ದ ಶಾರ್ಟ್‌ಗಳನ್ನೇ ಬಲವಂತವಾಗಿ ಮುಚ್ಚಿದರು. ಸೋತವರ ಮಾರ್ಜಿನ್ ಸಾಲದೆ, ಇನ್ಶೂರೆನ್ಸ್ ಫಂಡ್ ಸಹ ಸಾಲದೆ ಹೋದಾಗ ಹೀಗೆ ಮಾಡ್ತಾರೆ. ಆಟೋ ಡಿಲಿವರೇಜಿಂಗ್ ಅಂತ ನಿಯಮಗಳಲ್ಲೇ ಬರೆದಿರುತ್ತೆ. ದಿಕ್ಕು ಸರಿಯಿದ್ದರೂ ಪೂರ್ತಿ ಲಾಭ ಕೈಗೆ ಬರಲ್ಲ. ಒಂದು ಕಡೆ ಶಾರ್ಟ್, ಇನ್ನೊಂದು ಕಡೆ ಲಾಂಗ್ ಇಟ್ಟು ಹೆಡ್ಜ್ ಮಾಡಿದವರಿಗೆ ಶಾರ್ಟ್ ಮಾತ್ರ ಮಾಯ.

ಮಡಿಕೇರಿ_ಅನಿತಾ

ಶೈಲಾ ಅಕ್ಕ, ನನಗೆ ಒಂದು ತಕರಾರಿದೆ. ಬೆಲೆ ಇಳಿದಾಗ ಸಣ್ಣವರು "ಅಗ್ಗ ಆಯ್ತು" ಅಂತ ಕೊಳ್ತಾರೆ. ಏರಿದಾಗ ಲಾಭ ತಗೊಂಡು ಹೊರಬರ್ತಾರೆ, ಕೆಲವರು ಶಾರ್ಟೂ ಹಾಕ್ತಾರೆ. ಹಾಗಾಗಿ ರೇಶಿಯೋ ಬೆಲೆಯ ಉಲ್ಟಾ ಓಡುತ್ತೆ. ಬೆಲೆ ಇಳಿದ ಮೇಲೆ ರೇಶಿಯೋ ಏರುತ್ತೆ. ಅಂದರೆ "ರೇಶಿಯೋ ಜಾಸ್ತಿ, ಶಾರ್ಟ್ ಹಾಕು" ಅನ್ನೋದು ಬಹಳ ಸಲ "ಇಳಿದದ್ದು ಇನ್ನೂ ಇಳಿಯುತ್ತೆ" ಅನ್ನೋದರ ಇನ್ನೊಂದು ರೂಪ. ಟ್ರೆಂಡ್ ಹಿಂದೆ ಓಡೋದು. ಜನರ ಉಲ್ಟಾ ಹೋಗ್ತಿದ್ದೀವಿ ಅಂತ ನಂಬಿಕೊಂಡು ಬೆಲೆಯ ಜೊತೆಗೇ ಹೋಗ್ತಿರ್ತೀವಿ. ಮಾರ್ಕೆಟ್ ಅಡ್ಡಡ್ಡ ಓಡುವಾಗ ಇದು ಕೈ ಕೊಡುತ್ತೆ.

ಗೋಣಿಕೊಪ್ಪ_ಶೈಲಾ

ಇದು ಸರಿಯಾದ ಮಾತು. ಅದಕ್ಕೇ ನಾನು ಎರಡು ತರಹದ ತುದಿಯನ್ನ ಬೇರೆ ಮಾಡ್ತೀನಿ.

ಒಂದು, ಬೆಲೆ ಇಳೀತಾ ಇದೆ, ಜನ ಸರಾಸರಿ ಮಾಡ್ತಾ ಲಾಂಗ್ ಸೇರಿಸ್ತಾ ಇದ್ದಾರೆ, ರೇಶಿಯೋ ಏರ್ತಾ ಇದೆ. ನೀವು ಹೇಳಿದ್ದು ಇದು. ಇನ್ನೊಂದು, ಬೆಲೆ ಏರಿದೆ, ಆದರೂ ರೇಶಿಯೋ ಇಳಿಯದೆ ಏರ್ತಾ ಇದೆ. ಲಾಭ ತಗೊಂಡು ಹೊರಬರಬೇಕಾದ ಸಣ್ಣವರು ಇನ್ನೂ ಒಳಗೇ ನುಗ್ಗುತ್ತಿದ್ದಾರೆ. ಅವರ ಸಹಜ ಅಭ್ಯಾಸಕ್ಕೆ ವಿರುದ್ಧವಾದದ್ದು ಇದು. ಅಪರೂಪ. ನನಗೆ ಎರಡನೆಯದು ಬಂದಾಗಲೇ ಭಯ.

ಮಡಿಕೇರಿ_ಅನಿತಾ

ಒಪ್ಪಬಹುದು, ಆದರೆ ಸಾಬೀತು ಹೇಗೆ? ತುದಿ ಅಂದರೆ ಅಪರೂಪ. ಅಪರೂಪ ಅಂದರೆ ಉದಾಹರಣೆ ಕಡಿಮೆ. ಐದಾರು ಘಟನೆ ಇಟ್ಟುಕೊಂಡು "ಕೆಲಸ ಮಾಡುತ್ತೆ" ಅಂತ ಹೇಳೋದು ಹೇಗೆ? ಅದೂ ಬಿದ್ದ ದಿನಗಳನ್ನ ಮಾತ್ರ ನೆನಪಿಟ್ಟುಕೊಳ್ತೀವಿ. ರೇಶಿಯೋ ತುದಿಗೆ ಹೋಗಿ ಏನೂ ಆಗದೆ ವಾಪಸ್ ಬಂದ ದಿನಗಳನ್ನ ಯಾರು ಎಣಿಸ್ತಾರೆ?

ಗೋಣಿಕೊಪ್ಪ_ಶೈಲಾ

ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅದಕ್ಕೇ ರೇಶಿಯೋ ಒಂದನ್ನೇ ನಂಬಿ ಪೊಸಿಶನ್ ತಗೊಳ್ಳಬೇಡಿ ಅಂತೀನಿ. ಫಂಡಿಂಗ್, ಓಪನ್ ಇಂಟರೆಸ್ಟ್ ಎರಡೂ ಅದೇ ಮಾತು ಹೇಳಬೇಕು.

ಕುಶಾಲನಗರ_ಕಾರ್ತಿಕ್

ಫಂಡಿಂಗ್ ಹೇಗೆ ಓದೋದು ಅಕ್ಕ? ಓಪನ್ ಇಂಟರೆಸ್ಟ್ ಯಾಕೆ?

ಗೋಣಿಕೊಪ್ಪ_ಶೈಲಾ

ಫಂಡಿಂಗ್ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ. ನಮ್ಮ ಸಮಯ ಬೆಳಿಗ್ಗೆ 5.30, ಮಧ್ಯಾಹ್ನ 1.30, ರಾತ್ರಿ 9.30. ಕೆಲವು ನಾಣ್ಯಗಳಿಗೆ ನಾಲ್ಕು ಗಂಟೆಗೊಮ್ಮೆ. ದರ ಪ್ಲಸ್ ಇದ್ದರೆ ಲಾಂಗ್‌ನವರು ಶಾರ್ಟ್‌ನವರಿಗೆ ಕೊಡ್ತಾರೆ.

ದರ 0.1% ಆಯಿತು ಅಂದುಕೊಳ್ಳಿ, ಮಾಮೂಲಿಯ ಹತ್ತು ಪಟ್ಟು. ಒಬ್ಬರು 5,000 ರೂಪಾಯಿ ಮಾರ್ಜಿನ್ ಇಟ್ಟು 20 ಪಟ್ಟು ಲಿವರೇಜಿನಲ್ಲಿ ಒಂದು ಲಕ್ಷದ ಲಾಂಗ್ ತಗೊಂಡಿದ್ದಾರೆ. ಒಂದು ಸಲಕ್ಕೆ 100 ರೂಪಾಯಿ, ದಿನಕ್ಕೆ 300. ಮಾರ್ಜಿನ್ನಿನ 6% ದಿನವೂ ಹೋಗುತ್ತೆ, ಬೆಲೆ ಅಲ್ಲಾಡದೇ ಇದ್ದರೂ. ಲಿಕ್ವಿಡೇಶನ್ ಬೆಲೆ ತಾನಾಗೇ ಹತ್ತಿರ ಬರುತ್ತೆ. ರೇಶಿಯೋ ತುದಿಯಲ್ಲಿದ್ದು ಫಂಡಿಂಗ್ ಹೀಗಿದ್ದರೆ ಆ ಜನ ಹೆಚ್ಚು ದಿನ ಕಾಯೋಕೆ ಆಗಲ್ಲ. ರೇಶಿಯೋ ತುದಿಯಲ್ಲಿದ್ದು ಫಂಡಿಂಗ್ 0.01% ಅಥವಾ ಮೈನಸ್ ಇದ್ದರೆ ತದ್ವಿರುದ್ಧ. ಲಾಂಗ್‌ನವರ ಮೇಲೆ ಒತ್ತಡವೇ ಇಲ್ಲ. ಅಂತಹ ಕಡೆ ಶಾರ್ಟ್ ಹಾಕಿದವರೇ ಸಿಕ್ಕಿಬೀಳಬಹುದು.

ಓಪನ್ ಇಂಟರೆಸ್ಟ್ ಯಾಕೆ ಅಂದರೆ, ರೇಶಿಯೋ ಒಬ್ಬ ಹೊಸ ಲಾಂಗ್ ಬರದೇನೂ ಏರಬಹುದು. 600 ಲಾಂಗ್, 400 ಶಾರ್ಟ್ ಖಾತೆ, ರೇಶಿಯೋ 1.5. ಶಾರ್ಟ್‌ನವರಲ್ಲಿ 200 ಸಣ್ಣ ಖಾತೆಗಳು ನಷ್ಟ ತಿಂದು ಹೊರಬಂದರು, ಅವರ ಜಾಗವನ್ನ ಇರುವ ಒಬ್ಬ ದೊಡ್ಡ ಶಾರ್ಟ್ ತಗೊಂಡ. ಈಗ 600ಕ್ಕೆ 200, ರೇಶಿಯೋ 3. ಚಾರ್ಟ್ ನೋಡಿದವರು "ಜನ ಹುಚ್ಚೆದ್ದು ಲಾಂಗ್ ಹಾಕ್ತಿದ್ದಾರೆ" ಅಂತಾರೆ. ಯಾರೂ ಹಾಕಿಲ್ಲ. ಓಪನ್ ಇಂಟರೆಸ್ಟ್ ಅಲ್ಲಾಡಿರಲ್ಲ, ಅದನ್ನ ನೋಡಿದರೆ ಗೊತ್ತಾಗುತ್ತೆ. ರೇಶಿಯೋ ಜೊತೆ ಓಪನ್ ಇಂಟರೆಸ್ಟೂ ಜೋರಾಗಿ ಏರಿದ್ದರೆ ಮಾತ್ರ ಹೊಸ ಲಿವರೇಜ್ ಒಳಗೆ ಬಂದಿದೆ ಅಂತ.

ಸೋಮವಾರಪೇಟೆ_ಪ್ರದೀಪ್

ಕೆಳಗಿನ ತುದಿ ಯಾವುದು? ಗ್ರೂಪಿನವರು 1 ಅಂತಾರಲ್ಲ.

ಮಡಿಕೇರಿ_ಅನಿತಾ

ಅದೂ ನಾಣ್ಯದ ಮೇಲೆ. ಮಾಮೂಲಿ 2.2 ಇರುವ ನಾಣ್ಯ 0.9ಕ್ಕೆ ಇಳಿದರೆ ಅದು 4ಕ್ಕೆ ಏರಿದ್ದಕ್ಕಿಂತ ದೊಡ್ಡ ವಿಷಯ. ಸಣ್ಣವರು ಲಾಂಗ್ ಆಗೋದು ಅಭ್ಯಾಸ, ಬಹುಪಾಲು ಜನ ಶಾರ್ಟ್ ಆಗೋದು ಅಪರೂಪ. ಏರುವ ಬೆಲೆಯ ಎದುರು ನಿಂತು ಹೀಗೆ ಶಾರ್ಟ್ ಸೇರಿದರೆ ಅವರ ಲಿಕ್ವಿಡೇಶನ್ ಮೇಲಿರುತ್ತೆ. ಶಾರ್ಟ್ ಮುಚ್ಚೋದು ಅಂದರೆ ಕೊಳ್ಳೋದು. ಬೆಲೆ ಇನ್ನೂ ಮೇಲಕ್ಕೆ ಹಾರುತ್ತೆ.

ವಿರಾಜಪೇಟೆ_ಚೇತನ್

ಲಿವರೇಜ್ 5ಕ್ಕೆ ಇಳಿಸಿದೆ. ಸ್ಟಾಪೂ ಹಾಕಿದೆ. ಇನ್ನೊಂದು ಕೇಳಬೇಕಿತ್ತು. ಇದರ ಲಾಭಕ್ಕೆ ಟ್ಯಾಕ್ಸ್ 30% ಆಗುತ್ತಾ?

ಸೋಮವಾರಪೇಟೆ_ಪ್ರದೀಪ್

ನಾಣ್ಯ ಮಾರಿದ ಲಾಭಕ್ಕೆ 30%, ಮಾರಿದ ಮೊತ್ತದ ಮೇಲೆ 1% ಟಿಡಿಎಸ್. ಫ್ಯೂಚರ್ಸಿಗೆ ಅದೇ ನಿಯಮವೋ ಬಿಸಿನೆಸ್ ಆದಾಯವೋ ಅಂತ ಆಡಿಟರ್‌ಗಳೇ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಿಮ್ಮ ಆಡಿಟರ್ ಹತ್ತಿರ ಬರವಣಿಗೆಯಲ್ಲಿ ತಗೊಳ್ಳಿ.

ಸಿದ್ದಾಪುರ_ರಫಿ

ವಿಷಯಕ್ಕೆ ಬನ್ನಿ. ಅಲ್ಲಿ "ಟಾಪ್ ಟ್ರೇಡರ್" ಅಂತ ಬೇರೆ ರೇಶಿಯೋನೂ ಇದೆಯಲ್ಲ. ಅದು ತಿಮಿಂಗಿಲದ್ದೇ ತಾನೇ? ಅದನ್ನ ಹಿಂಬಾಲಿಸಬಹುದಲ್ವಾ?

ಗೋಣಿಕೊಪ್ಪ_ಶೈಲಾ

ಬೈನಾನ್ಸಿನಲ್ಲಿ ಟಾಪ್ ಟ್ರೇಡರ್ ಅಂದರೆ ಮಾರ್ಜಿನ್ ಬ್ಯಾಲೆನ್ಸ್ ಜಾಸ್ತಿ ಇರುವ ಮೇಲಿನ 20% ಬಳಕೆದಾರರು. ಐದರಲ್ಲಿ ಒಬ್ಬರು. ಎಲ್ಲರೂ ತಿಮಿಂಗಿಲ ಆಗೋದು ಹೇಗೆ? ಲಾಭ ಮಾಡಿದವರು ಅಂತಲೂ ಅಲ್ಲ, ದುಡ್ಡು ಇಟ್ಟವರು ಅಂತ. ಅದರಲ್ಲೂ ಎರಡಿದೆ. `topLongShortAccountRatio` ತಲೆ ಎಣಿಸುತ್ತೆ, `topLongShortPositionRatio` ಗಾತ್ರ ಎಣಿಸುತ್ತೆ. ಎರಡನೆಯದರಲ್ಲಿ ಹೆಡ್ಜ್ ಮಾಡುವವರ ಶಾರ್ಟೂ ಸೇರಿರುತ್ತೆ.

ನಾನು ಅದನ್ನ ಒಂದೇ ಕೆಲಸಕ್ಕೆ ನೋಡ್ತೀನಿ. ಎಲ್ಲಾ ಖಾತೆಗಳ ರೇಶಿಯೋ ತುದಿಗೆ ಏರ್ತಾ ಇರುವಾಗ ಟಾಪ್ ಪೊಸಿಶನ್ ರೇಶಿಯೋ ಇಳೀತಾ ಇದೆಯಾ ಅಂತ. ಇಳೀತಾ ಇದ್ದರೆ ಸಣ್ಣವರು ತಗೊಳ್ಳುತ್ತಿರೋದನ್ನ ದೊಡ್ಡವರು ಕೊಡ್ತಿದ್ದಾರೆ. ಎರಡೂ ಒಟ್ಟಿಗೆ ಏರ್ತಾ ಇದ್ದರೆ ನಾನು ಶಾರ್ಟ್ ಮುಟ್ಟಲ್ಲ.

ಕುಶಾಲನಗರ_ಕಾರ್ತಿಕ್

ಹಾಗಾದರೆ ನೀವು ತುದಿ ಕಂಡ ತಕ್ಷಣ ಶಾರ್ಟ್ ಹಾಕಲ್ವಾ?

ಗೋಣಿಕೊಪ್ಪ_ಶೈಲಾ

ಇಲ್ಲ. ಜೋರಾದ ಏರಿಕೆಯಲ್ಲಿ ರೇಶಿಯೋ ತುದಿಯಲ್ಲೇ ದಿನಗಟ್ಟಲೆ ಕೂರಬಹುದು. ಸಮಯ ಅದು ಹೇಳಲ್ಲ. ನಾನು ಮೊದಲು ನನ್ನ ಲಾಂಗ್ ಕಡಿಮೆ ಮಾಡ್ತೀನಿ. ಆಮೇಲೆ ರೇಶಿಯೋ ತುದಿಯಿಂದ ಇಳಿಯೋಕೆ ಶುರುವಾಗಿ, ಬೆಲೆಯೂ ಹಿಂದಿನ ದಿನದ ಕೆಳಮಟ್ಟ ಮುರಿದರೆ ಮಾತ್ರ ಸಣ್ಣ ಶಾರ್ಟ್. ಲಿಕ್ವಿಡೇಶನ್ ಸರಪಳಿ ಶುರುವಾದ ಮೇಲೆ ಸೇರಿಸಲ್ಲ, ಮುಚ್ಚಿಕೊಳ್ತೀನಿ. ಸರಪಳಿ ಮುಗಿದ ಮೇಲೆ ಬೆಲೆ ವಾಪಸ್ ಜಿಗಿಯೋದು ಬಹಳ ವೇಗ.

ಮಡಿಕೇರಿ_ಅನಿತಾ

ಇನ್ನೊಂದು ಚರ್ಚೆ ಬಾಕಿ ಇದೆ. ಒಂದು ಎಕ್ಸ್‌ಚೇಂಜಿನ ರೇಶಿಯೋ ಸಾಕಾ, ಎಲ್ಲದರದ್ದು ಕೂಡಿಸಬೇಕಾ? ಒಂದೊಂದು ಕಡೆ ಬರುವ ಜನ ಬೇರೆ. ಕೂಡಿಸಿದರೆ ತುದಿಗಳು ಸರಾಸರಿಯಲ್ಲಿ ಮುಳುಗುತ್ತವೆ. ನನ್ನ ಪ್ರಕಾರ ಜಾಸ್ತಿ ಸಣ್ಣ ಟ್ರೇಡರ್ ಇರುವ ಒಂದನ್ನೇ ನೋಡೋದು ಮೇಲು.

ಗೋಣಿಕೊಪ್ಪ_ಶೈಲಾ

ನಾನು ಒಪ್ಪಲ್ಲ ಅನಿತಾ. ಒಂದು ಕಡೆ ಶಾರ್ಟ್, ಇನ್ನೊಂದು ಕಡೆ ಲಾಂಗ್ ಇಟ್ಟವರ ಅರ್ಧ ಮಾತ್ರ ಕಾಣುತ್ತೆ. ಕನಿಷ್ಠ ಎರಡು ದೊಡ್ಡ ಎಕ್ಸ್‌ಚೇಂಜ್ ಒಟ್ಟಿಗೆ ತುದಿಗೆ ಬರಬೇಕು. ಕೂಡಿಸಬೇಡಿ, ಪಕ್ಕಪಕ್ಕ ಇಟ್ಟು ನೋಡಿ.

ಮಡಿಕೇರಿ_ಅನಿತಾ

ಎರಡು ಒಟ್ಟಿಗೆ ಬರೋದನ್ನ ಕಾದರೆ ಉದಾಹರಣೆಗಳು ಇನ್ನೂ ಕಡಿಮೆ ಆಗ್ತವೆ. ಸರಿ, ಇವತ್ತಿಂದ ಎರಡನ್ನೂ ಉಳಿಸಿಡೋಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೀತೀನಿ. ಬಿಟ್‌ಕಾಯಿನ್, ಈಥರ್, ಸೋಲಾನಾ ಮೂರಕ್ಕೆ. ಕಾರ್ತಿಕ್, ಫಂಡಿಂಗ್ ಸಾಲನ್ನ ನೀವು ಸೇರಿಸ್ತೀರಾ?

ಕುಶಾಲನಗರ_ಕಾರ್ತಿಕ್

ಸೇರಿಸ್ತೀನಿ. ಓಪನ್ ಇಂಟರೆಸ್ಟೂ ಹಾಕ್ತೀನಿ. ತುದಿಗೆ ಹೋಗಿ ಏನೂ ಆಗದ ದಿನಗಳನ್ನೂ ಗುರುತು ಮಾಡೋಣ, ಆಗ ಅನಿತಾ ಅವರ ತಕರಾರಿಗೂ ಒಂದು ಲೆಕ್ಕ ಸಿಗುತ್ತೆ.